ಒಂದು ಸಾಮರ್ಥ್ಯ, ನಾಲ್ಕು ಪುರಾವೆ: ವಾರ್ಷಿಕ ಪರಿಶೀಲನೆಗೆ ನರ್ಸ್‌ನ ವೃತ್ತಿ ಕಡತವನ್ನು ಸಿದ್ಧಪಡಿಸುವ ಬಗೆ

ಹಾಸನದ ಆಸ್ಪತ್ರೆಯೊಂದರಲ್ಲಿ ಶುಶ್ರೂಷಾಧಿಕಾರಿಗಳ ವಾರ್ಷಿಕ ಪರಿಶೀಲನೆಯಲ್ಲಿ ಕುಳಿತುಕೊಳ್ಳುವುದು ನನ್ನ ಕೆಲಸದ ಒಂದು ಭಾಗ. ಬರುವ ಫೈಲುಗಳಲ್ಲಿ ಹೆಚ್ಚಿನವು ಪ್ರಮಾಣಪತ್ರಗಳ ಕಟ್ಟುಗಳು. ಮೇಲೆ ಡಿಪ್ಲೊಮಾ ಅಥವಾ ಬಿ.ಎಸ್ಸಿ. ನರ್ಸಿಂಗ್ ಅಂಕಪಟ್ಟಿ, ಅದರ ಕೆಳಗೆ ಕಾರ್ಯಾಗಾರಗಳಲ್ಲಿ ಕೊಟ್ಟ ಬಣ್ಣಬಣ್ಣದ ಹಾಳೆಗಳು. ಇಂಥ ಫೈಲು ಒಂದು ಪ್ರಶ್ನೆಗೆ ಮಾತ್ರ ಉತ್ತರ ಕೊಡುತ್ತದೆ: ಈ ಸಿಸ್ಟರ್ ಎಲ್ಲೆಲ್ಲಿ ಹೋಗಿ ಕುಳಿತಿದ್ದರು? ಪರಿಶೀಲಿಸುವವರಿಗೆ ಬೇಕಾದ ಪ್ರಶ್ನೆ ಬೇರೆ. ಕಲಿತದ್ದನ್ನು ಇವರು ವಾರ್ಡಿನಲ್ಲಿ, ರಾತ್ರಿ ಪಾಳಿಯಲ್ಲಿ, ಒಬ್ಬರೇ ಇರುವಾಗಲೂ ಸರಿಯಾಗಿ ಮಾಡುತ್ತಾರೆಯೇ? ಅದಕ್ಕೆ ಉತ್ತರವಾಗುವ ಕಡತವನ್ನು ಹೇಗೆ ಮಾಡುವುದೆಂದು ಇಲ್ಲಿ ಹೇಳುತ್ತೇನೆ. ಎಲ್ಲ ವಿಭಾಗಗಳನ್ನೂ ಮುಟ್ಟುವ ಬದಲು ಒಂದೇ ಒಂದು ಸಾಮರ್ಥ್ಯವನ್ನು ಹಿಡಿದು ಕೊನೆಯವರೆಗೂ ಹೋಗುತ್ತೇನೆ. ಉಳಿದವುಗಳನ್ನು ಅದೇ ದಾರಿಯಲ್ಲಿ ನೀವು ಬರೆದುಕೊಳ್ಳಬಹುದು.

ಮೊದಲು, ಬದಲಾಗದ ಕಾಗದಗಳು

ಈ ಭಾಗ ಒಂದು ಸಂಜೆಯ ಕೆಲಸ. ಕರ್ನಾಟಕ ರಾಜ್ಯ ಶುಶ್ರೂಷಾ ಪರಿಷತ್ತಿನ ನೋಂದಣಿ ಪ್ರಮಾಣಪತ್ರ, ನಿಮ್ಮ ರಾಷ್ಟ್ರೀಯ ವಿಶಿಷ್ಟ ಗುರುತಿನ ಸಂಖ್ಯೆ (ನರ್ಸ್‌ಗಳು `NUID` ಎಂದು ನೋಡುವ ಸಂಖ್ಯೆ), ವಿದ್ಯಾರ್ಹತೆಯ ಪತ್ರಗಳು, ಹಿಂದಿನ ಕೆಲಸದ ಅನುಭವ ಪತ್ರಗಳು, ಲಸಿಕೆಯ ದಾಖಲೆ. ಮೊದಲ ಹಾಳೆಯಲ್ಲಿ ನೋಂದಣಿ ನವೀಕರಣದ ದಿನಾಂಕವನ್ನು ದೊಡ್ಡದಾಗಿ ಬರೆಯಿರಿ. ನೋಂದಣಿಯನ್ನು ಐದು ವರ್ಷಕ್ಕೊಮ್ಮೆ ನವೀಕರಿಸಬೇಕು, ಅದಕ್ಕೆ ಈ ಅವಧಿಯಲ್ಲಿ 150 ಗಂಟೆಗಳ ನಿರಂತರ ಶುಶ್ರೂಷಾ ಶಿಕ್ಷಣ ಇರಬೇಕು. ಅಂದರೆ ವರ್ಷಕ್ಕೆ ಸರಾಸರಿ 30 ಗಂಟೆ. ಇದನ್ನು ಐದನೆಯ ವರ್ಷಕ್ಕೆ ಬಿಟ್ಟರೆ ಎಲ್ಲಿ ಯಾವ ವಿಷಯದ ತರಗತಿ ಸಿಕ್ಕಿದರೂ ಹೋಗಿ ಕುಳಿತುಕೊಳ್ಳಬೇಕಾಗುತ್ತದೆ, ಮತ್ತೆ ಪ್ರಮಾಣಪತ್ರಗಳ ಕಟ್ಟೇ ಬೆಳೆಯುತ್ತದೆ.

ಬಿ.ಎಲ್.ಎಸ್. ಕಾರ್ಡಿನ ಮುಗಿಯುವ ದಿನಾಂಕವನ್ನೂ ಅದೇ ಹಾಳೆಯಲ್ಲಿ ಬರೆಯಿರಿ. ಅಮೆರಿಕನ್ ಹಾರ್ಟ್ ಅಸೋಸಿಯೇಷನ್ನಿನ ಕಾರ್ಡ್ ಎರಡು ವರ್ಷ ಮಾತ್ರ ಚಾಲ್ತಿಯಲ್ಲಿರುತ್ತದೆ. ಅವಧಿ ಮುಗಿದ ಕಾರ್ಡನ್ನು ಹೆಮ್ಮೆಯಿಂದ ಮುಂದೆ ಇಟ್ಟಿರುವ ಫೈಲುಗಳನ್ನು ನಾನು ನೋಡುತ್ತಲೇ ಇರುತ್ತೇನೆ.

ವರ್ಷಕ್ಕೆ ಮೂರು ನಾಲ್ಕು ಸಾಮರ್ಥ್ಯಗಳನ್ನು ಆರಿಸಿ

ನಿಮ್ಮ ಪೋಸ್ಟಿಂಗ್ ಎಲ್ಲಿದೆ, ಅಲ್ಲಿ ಯಾವ ರೋಗಿಗಳು ಬರುತ್ತಾರೆ, ಯಾವ ಕೆಲಸ ತಪ್ಪಿದರೆ ರೋಗಿಗೆ ಹಾನಿಯಾಗುತ್ತದೆ ಎಂದು ನೋಡಿ ಆರಿಸಿಕೊಳ್ಳಿ. ಹೆರಿಗೆ ವಾರ್ಡಿನಲ್ಲಿರುವವರಿಗೆ ಪ್ರಸವಾನಂತರದ ರಕ್ತಸ್ರಾವವನ್ನು ಗುರುತಿಸುವುದು, ಐ.ಸಿ.ಯು.ನಲ್ಲಿರುವವರಿಗೆ ಕ್ಯಾಥೆಟರ್‌ನಿಂದ ಸೋಂಕು ಬಾರದಂತೆ ನೋಡಿಕೊಳ್ಳುವುದು ಸಹಜವಾದ ಆಯ್ಕೆ. ಸಕಲೇಶಪುರ, ಮೂಡಿಗೆರೆ, ಕೊಪ್ಪ, ಶೃಂಗೇರಿ ಕಡೆಯ ಆಸ್ಪತ್ರೆಗಳ ತುರ್ತು ವಿಭಾಗದಲ್ಲಿರುವವರಿಗೆ ಹಾವು ಕಡಿತವನ್ನು ಬಿಟ್ಟು ಪಟ್ಟಿ ಮಾಡಲಾಗದು. ಕಾಫಿ ತೋಟ, ಅಡಿಕೆ ತೋಟ, ಗದ್ದೆ ಇರುವ ಊರುಗಳಲ್ಲಿ ಮಳೆ ಹಿಡಿದ ಮೇಲೆ ಇಂಥ ರೋಗಿಗಳು ಬರುವುದು ನಿಮಗೆ ಗೊತ್ತೇ ಇದೆ. 2024ರಲ್ಲಿ ರಾಜ್ಯ ಸರ್ಕಾರ ಹಾವು ಕಡಿತವನ್ನು ಅಧಿಸೂಚಿತ ಕಾಯಿಲೆ ಎಂದು ಘೋಷಿಸಿರುವುದರಿಂದ ಪ್ರಕರಣವನ್ನು ವರದಿ ಮಾಡುವ ಹೊಣೆಯೂ ಆಸ್ಪತ್ರೆಯ ಮೇಲಿದೆ. ಹಾಗಾಗಿ ನಾನು ಇದನ್ನೇ ಉದಾಹರಣೆಯಾಗಿ ತೆಗೆದುಕೊಳ್ಳುತ್ತೇನೆ.

ಸಾಮರ್ಥ್ಯವನ್ನು ಬರೆಯುವ ರೀತಿಯಲ್ಲೇ ಅರ್ಧ ಕೆಲಸ ಇದೆ. "ತುರ್ತು ಆರೈಕೆಯಲ್ಲಿ ಪರಿಣತಿ" ಎಂದು ಬರೆದರೆ ಅದನ್ನು ಯಾರೂ ಪರೀಕ್ಷಿಸಲಾರರು. ಬದಲಿಗೆ ಹೀಗೆ ಬರೆಯಿರಿ: "ಹಾವು ಕಡಿದು ಬಂದವರಿಗೆ 20 ನಿಮಿಷದ ರಕ್ತ ಹೆಪ್ಪುಗಟ್ಟುವ ಪರೀಕ್ಷೆಯನ್ನು ಹಾಸಿಗೆಯ ಬಳಿಯೇ ಸರಿಯಾಗಿ ಮಾಡಿ, ಫಲಿತಾಂಶವನ್ನು ವೈದ್ಯರಿಗೆ ತಿಳಿಸಿ ದಾಖಲಿಸುತ್ತೇನೆ. ವೈದ್ಯರ ಆದೇಶದಂತೆ ಪ್ರತಿವಿಷ ಕೊಡುವಾಗ ಅಲರ್ಜಿಯನ್ನು ಮೊದಲ ಲಕ್ಷಣಗಳಲ್ಲೇ ಗುರುತಿಸಿ ಕ್ರಮ ಕೈಗೊಳ್ಳುತ್ತೇನೆ." ಈ ಎರಡು ವಾಕ್ಯಗಳಲ್ಲಿ ಇನ್ನೊಬ್ಬರು ನಿಂತು ನೋಡಬಹುದಾದ ಕೆಲಸ ಇದೆ. ನೋಡಲಾಗದ ಕೆಲಸಕ್ಕೆ ಪುರಾವೆಯೂ ಇರದು.

ಪುರಾವೆ ಒಂದು: ತರಗತಿಯ ದಾಖಲೆ

ಒಂದು ದಿನದ ಕಾರ್ಯಾಗಾರವಾದರೂ ವಾರ್ಡಿನಲ್ಲೇ ನಡೆದ ಮುಕ್ಕಾಲು ಗಂಟೆಯ ತರಗತಿಯಾದರೂ ದಾಖಲಿಸುವ ರೀತಿ ಒಂದೇ. ದಿನಾಂಕ, ನಡೆಸಿದವರು, ಎಷ್ಟು ಗಂಟೆ, ಪರಿಷತ್ತಿನ ಕ್ರೆಡಿಟ್ ಇದೆಯೇ ಇಲ್ಲವೇ. ಇದಿಷ್ಟನ್ನು ಎಲ್ಲರೂ ಬರೆಯುತ್ತಾರೆ. ಇದರ ಕೆಳಗೆ ಎರಡು ಸಾಲು ಸೇರಿಸಿ: ನನಗೆ ಹೊಸದಾಗಿ ತಿಳಿದದ್ದು ಏನು, ನನ್ನ ವಾರ್ಡಿನಲ್ಲಿ ಅದರಿಂದ ಏನು ಬದಲಾಗಬೇಕು. ಅದೇ ದಿನ ಮನೆಗೆ ಹೋಗುವ ಮೊದಲು ಬರೆಯಿರಿ. ಒಂದು ವಾರ ಬಿಟ್ಟರೆ ಊಟದ ವ್ಯವಸ್ಥೆ ನೆನಪಿರುತ್ತದೆ, ವಿಷಯ ನೆನಪಿರುವುದಿಲ್ಲ.

ನಮ್ಮ ಉದಾಹರಣೆಯ ಸಿಸ್ಟರ್ ಬರೆದದ್ದು ಹೀಗಿದೆ ಎಂದುಕೊಳ್ಳೋಣ: "ಪರೀಕ್ಷೆಗೆ ಹೊಸ, ಶುಭ್ರ, ಒಣ ಗಾಜಿನ ನಳಿಕೆಯೇ ಬೇಕು. ಪ್ಲಾಸ್ಟಿಕ್ ನಳಿಕೆಯಲ್ಲೂ ಡಿಟರ್ಜೆಂಟ್‌ನಿಂದ ತೊಳೆದ ಗಾಜಿನಲ್ಲೂ ಆರೋಗ್ಯವಂತರ ರಕ್ತವೂ ಹೆಪ್ಪುಗಟ್ಟದೆ ಉಳಿಯಬಹುದು. ನಮ್ಮ ತುರ್ತು ವಿಭಾಗದಲ್ಲಿ ಯಾವ ನಳಿಕೆ ಇದೆ ಎಂದು ನೋಡಬೇಕು." ಕೊನೆಯ ವಾಕ್ಯವೇ ಈ ದಾಖಲೆಗೆ ಬೆಲೆ ತರುತ್ತದೆ. ಮುಂದಿನ ಮೂರು ಪುರಾವೆಗಳು ಅದರಿಂದಲೇ ಹುಟ್ಟುತ್ತವೆ.

ಪುರಾವೆ ಎರಡು: ಇನ್ನೊಬ್ಬರು ನೋಡಿ ಹಾಕಿದ ಸಹಿ

ಇದು ಕಡತದ ಬೆನ್ನೆಲುಬು. ಸಾಮರ್ಥ್ಯವನ್ನು ಹಂತಗಳಾಗಿ ಒಡೆದು ಒಂದು ಹಾಳೆಯ ಪರಿಶೀಲನಾ ಪಟ್ಟಿ ಮಾಡಿ, ನಿಮಗಿಂತ ಅನುಭವಿಯಾದ ಒಬ್ಬರು ಎದುರಿಗೆ ನಿಂತು ನೋಡಿ ಪ್ರತಿ ಹಂತಕ್ಕೂ ಗುರುತು ಹಾಕಬೇಕು. ರಕ್ತ ಹೆಪ್ಪುಗಟ್ಟುವ ಪರೀಕ್ಷೆಯ ಪಟ್ಟಿಯಲ್ಲಿ ಇರಬೇಕಾದ್ದು ಇಷ್ಟು: ಪ್ಯಾಕ್ ಒಡೆಯದ ಹೊಸ ಗಾಜಿನ ನಳಿಕೆ ಎಂದು ಖಚಿತಪಡಿಸಿಕೊಂಡರೇ? ಸುಮಾರು 2 ಮಿ.ಲೀ. ರಕ್ತವನ್ನು ರಕ್ತನಾಳದಿಂದ ತೆಗೆದು ಕೂಡಲೇ ನಳಿಕೆಗೆ ಹಾಕಿದರೇ? ಆರಂಭದ ಸಮಯವನ್ನು ನಳಿಕೆಯ ಮೇಲೂ ಕೇಸ್ ಶೀಟಿನಲ್ಲೂ ಬರೆದರೇ? 20 ನಿಮಿಷ ನಳಿಕೆಯನ್ನು ಅಲುಗಾಡಿಸದೆ, ಕೈಯಲ್ಲಿ ಹಿಡಿಯದೆ, ಕೋಣೆಯ ಉಷ್ಣತೆಯಲ್ಲಿ ನೇರವಾಗಿ ನಿಲ್ಲಿಸಿದ್ದರೇ? ಒಂದೇ ಬಾರಿ ಬಾಗಿಸಿ ನೋಡಿದರೇ? ಫಲಿತಾಂಶವನ್ನು ಸಮಯದೊಂದಿಗೆ ಬರೆದು ವೈದ್ಯರಿಗೆ ಹೇಳಿದರೇ?

ಪ್ರತಿವಿಷದ ಪಟ್ಟಿ ಬೇರೆಯೇ ಇರಲಿ. ರಾಷ್ಟ್ರೀಯ ಮಾರ್ಗಸೂಚಿಯಂತೆ ಆರಂಭಕ್ಕೆ ಸಾಮಾನ್ಯವಾಗಿ 8ರಿಂದ 10 ವಯಲ್ ಕೊಡುತ್ತಾರೆ, ಚರ್ಮದ ಮೇಲೆ ಮೊದಲು ಪರೀಕ್ಷಾ ಡೋಸ್ ಕೊಡುವ ಪದ್ಧತಿಯನ್ನು ಕೈಬಿಡಲಾಗಿದೆ. ನರ್ಸ್ ಮಾಡುವುದನ್ನು ನೋಡುವವರು ಇಲ್ಲಿ ಗಮನಿಸಬೇಕಾದ್ದು ಮುಖ್ಯವಾಗಿ ಎರಡು. ಡ್ರಿಪ್ ಆರಂಭಿಸುವ ಮೊದಲೇ ಅಡ್ರಿನಲಿನ್ ಸಿರಿಂಜ್‌ನಲ್ಲಿ ತುಂಬಿ ಕೈಗೆಟುಕುವಂತೆ ಇದೆಯೇ (ವಯಸ್ಕರಿಗೆ ಸ್ನಾಯುವಿಗೆ 0.5 ಮಿ.ಗ್ರಾಂ)? ಮೊದಲ ನಿಮಿಷಗಳಲ್ಲಿ ಸಿಸ್ಟರ್ ರೋಗಿಯ ಪಕ್ಕ ಬಿಡದೆ ನಿಂತು ತುರಿಕೆ, ದದ್ದು, ವಾಂತಿ, ಉಸಿರಾಟ, ರಕ್ತದೊತ್ತಡವನ್ನು ನೋಡುತ್ತಿದ್ದಾರೆಯೇ?

ನಿಜವಾದ ರೋಗಿ ಬರುವವರೆಗೆ ಕಾಯಬೇಕಿಲ್ಲ. ಬೇಸಿಗೆಯಲ್ಲಿ ತಿಂಗಳುಗಟ್ಟಲೆ ಒಂದು ಪ್ರಕರಣವೂ ಸಿಗದೇ ಇರಬಹುದು. ಅಣಕು ಅಭ್ಯಾಸದಲ್ಲಿ ಮಾಡಿ ತೋರಿಸಿ, ಪಟ್ಟಿಯ ಮೇಲೆ "ಅಣಕು ಅಭ್ಯಾಸ" ಎಂದು ಸ್ಪಷ್ಟವಾಗಿ ಬರೆಯಿರಿ. ಅಭ್ಯಾಸವನ್ನು ನಿಜವಾದ ಪ್ರಕರಣವೆಂದು ತೋರಿಸುವುದು ಸುಳ್ಳು ದಾಖಲೆಯಾಗುತ್ತದೆ. ಆಮೇಲೆ ನಿಜವಾದ ಪ್ರಕರಣ ಬಂದಾಗ ಮತ್ತೊಂದು ಹಾಳೆ ಸೇರಿಸಿದರೆ ನಿಮ್ಮ ಬೆಳವಣಿಗೆ ತಾನಾಗಿ ಕಾಣುತ್ತದೆ.

ಒಂದು ಮಾತನ್ನು ಒತ್ತಿ ಹೇಳುತ್ತೇನೆ. ಎಲ್ಲ ಸಹಿಗಳೂ ಮಾರ್ಚ್ ಕೊನೆಯ ವಾರದ ಒಂದೇ ದಿನದಲ್ಲಿ, ಒಂದೇ ಪೆನ್ನಿನಲ್ಲಿ ಇದ್ದರೆ ಪರಿಶೀಲಿಸುವವರಿಗೆ ಅದು ಕೂಡಲೇ ತಿಳಿಯುತ್ತದೆ. ಎಲ್ಲ ಹಂತಕ್ಕೂ ಸರಿ ಎಂದೇ ಗುರುತಿದ್ದು ಒಂದೂ ಟಿಪ್ಪಣಿ ಇಲ್ಲದ ಪಟ್ಟಿಯೂ ಹಾಗೆಯೇ. "ಸಮಯ ಬರೆಯಲು ನೆನಪಿಸಬೇಕಾಯಿತು, ಎರಡನೆಯ ಬಾರಿ ತಾವಾಗಿಯೇ ಬರೆದರು" ಎಂಬ ಟಿಪ್ಪಣಿ ಇರುವ ಪಟ್ಟಿಯನ್ನು ನಾನು ಹತ್ತು ಪಟ್ಟು ಹೆಚ್ಚು ನಂಬುತ್ತೇನೆ. ಸಹಿ ಹಾಕುವ ವಾರ್ಡ್ ಇನ್‌ಚಾರ್ಜ್‌ಗಳೂ ಇದನ್ನು ತಿಳಿದಿರಬೇಕು: ನೋಡದೆ ಹಾಕಿದ ಸಹಿಯ ಹೊಣೆ ಅವರದೇ.

ಪುರಾವೆ ಮೂರು: ರೋಗಿಯ ಗುರುತು ಇಲ್ಲದ ಪ್ರಕರಣ ಟಿಪ್ಪಣಿ

ಕಡತ ನಿಮ್ಮದು, ಕೇಸ್ ಶೀಟ್ ಆಸ್ಪತ್ರೆಯದು. ಕೇಸ್ ಶೀಟಿನ ಫೋಟೊ ತೆಗೆದು ಕಡತಕ್ಕೆ ಸೇರಿಸಬಾರದು, ಹೆಸರಿನ ಮೇಲೆ ಪೆನ್ನಿನಿಂದ ಗೀಚಿದರೂ ಸರಿ, ಸೇರಿಸಬಾರದು. ರೋಗಿಯ ಹೆಸರು, ಆಸ್ಪತ್ರೆ ಸಂಖ್ಯೆ, ಹಾಸಿಗೆ ಸಂಖ್ಯೆ, ಫೋನ್ ಸಂಖ್ಯೆ ಬರೆಯಬಾರದು ಎಂದು ಎಲ್ಲರಿಗೂ ಗೊತ್ತು. ಎಡವುವುದು ಬೇರೆ ಕಡೆ. ನಮ್ಮ ಜಿಲ್ಲೆಗಳ ಊರುಗಳು ಚಿಕ್ಕವು. ಯಾವ ಎಸ್ಟೇಟ್, ಯಾವ ದಿನ, ಎಷ್ಟು ವಯಸ್ಸು ಎಂಬ ಮೂರನ್ನು ಬರೆದರೆ ಆ ಹೋಬಳಿಯಲ್ಲಿ ಯಾರಾದರೂ ಅದು ಯಾರೆಂದು ಹೇಳಿಬಿಡುತ್ತಾರೆ. "ಮಧ್ಯವಯಸ್ಸಿನ ತೋಟದ ಕಾರ್ಮಿಕ, ಮಳೆಗಾಲದ ಒಂದು ಸಂಜೆ" ಎಂದರೆ ಸಾಕು. ಊರಿನ ಹೆಸರು ನಿಮ್ಮ ಸಾಮರ್ಥ್ಯಕ್ಕೆ ಏನನ್ನೂ ಸೇರಿಸುವುದಿಲ್ಲ.

ಪ್ರಕರಣಗಳ ಪಟ್ಟಿಗೆ ಒಂದು ಹಾಳೆ ಸಾಕು: ತಿಂಗಳು, ಬಗೆ, ನಾನು ಮಾಡಿದ್ದು, ನೋಡಿದ ಹಿರಿಯರ ಹುದ್ದೆ. ಮೂರು ಪ್ರಕರಣ ಇದ್ದರೆ ಮೂರನ್ನೇ ಬರೆಯಿರಿ.

ಪುರಾವೆ ನಾಲ್ಕು: ಚಿಂತನಾ ಟಿಪ್ಪಣಿ

ಬಹಳ ಜನ ತಡವರಿಸುವುದು ಇಲ್ಲಿಯೇ. ಸಾಮಾನ್ಯವಾಗಿ ಬರುವ ಟಿಪ್ಪಣಿ ಹೀಗಿರುತ್ತದೆ: "ಹಾವು ಕಡಿತದ ರೋಗಿಯನ್ನು ನೋಡಿಕೊಂಡೆ. ತಂಡವಾಗಿ ಕೆಲಸ ಮಾಡಿದೆವು. ರೋಗಿ ಗುಣಮುಖರಾದರು. ತುಂಬಾ ಕಲಿತೆ, ತೃಪ್ತಿಯಾಯಿತು." ಇದರಲ್ಲಿ ತಪ್ಪೇನೂ ಇಲ್ಲ, ಆದರೆ ಏನು ಕಲಿತರೆಂದು ಗೊತ್ತಾಗುವುದಿಲ್ಲ. ರೋಗಿ ಗುಣಮುಖರಾದದ್ದು ನಿಮ್ಮ ಕಲಿಕೆಗೆ ಪುರಾವೆಯಲ್ಲ. ಎಲ್ಲ ಸರಿಯಾಗಿ ಮಾಡಿದರೂ ರೋಗಿ ಉಳಿಯದೇ ಹೋಗಬಹುದು, ತಪ್ಪು ನಡೆದೂ ರೋಗಿ ಮನೆಗೆ ಹೋಗಬಹುದು.

ಮೂರು ಪ್ರಶ್ನೆಗಳನ್ನು ಇಟ್ಟುಕೊಂಡು ಬರೆದರೆ ಟಿಪ್ಪಣಿ ನಿಲ್ಲುತ್ತದೆ. ಏನಾಯಿತು? ಅದು ಯಾಕೆ ಹಾಗಾಯಿತು, ನನಗೆ ಏನು ತಿಳಿಯಿತು? ಇನ್ನು ಮುಂದೆ ನಾನೂ ನಮ್ಮ ವಿಭಾಗವೂ ಬದಲಾಯಿಸುವುದು ಏನು? ಮೊದಲನೆಯದಕ್ಕೆ ಕಡಿಮೆ ಜಾಗ, ಎರಡನೆಯ ಮತ್ತು ಮೂರನೆಯದಕ್ಕೆ ಹೆಚ್ಚು ಜಾಗ. ಒಟ್ಟು ಒಂದು ಪುಟ ದಾಟಬೇಕಿಲ್ಲ. ನಮ್ಮ ಉದಾಹರಣೆಯ ಸಿಸ್ಟರ್ ಬರೆದ ಟಿಪ್ಪಣಿ ಹೀಗಿರಬಹುದು:

"ಮಳೆಗಾಲದ ಒಂದು ಸಂಜೆ ತೋಟದ ಕಾರ್ಮಿಕರೊಬ್ಬರನ್ನು ಕಾಲಿಗೆ ಹಾವು ಕಡಿದಿದೆ ಎಂದು ಕರೆತಂದರು. ಊತ ಇರಲಿಲ್ಲ, ಒಸಡಿನಲ್ಲಿ ರಕ್ತ ಇರಲಿಲ್ಲ. ಪರೀಕ್ಷೆ ಇಟ್ಟೆ, 20 ನಿಮಿಷದ ನಂತರ ರಕ್ತ ನೀರಾಗಿಯೇ ಇತ್ತು. ವೈದ್ಯರಿಗೆ ಹೇಳುವಾಗ, ರೋಗಿಯ ಲಕ್ಷಣಕ್ಕೂ ಈ ಫಲಿತಾಂಶಕ್ಕೂ ತಾಳೆಯಾಗುತ್ತಿಲ್ಲ ಎಂದೂ ಹೇಳಿದೆ. ನಳಿಕೆ ಪ್ರಯೋಗಾಲಯದಿಂದ ತೊಳೆದು ಬಂದದ್ದೆಂದು ವಿಚಾರಿಸಿದಾಗ ಗೊತ್ತಾಯಿತು. ವೈದ್ಯರ ಸೂಚನೆಯಂತೆ ಹೊಸ ನಳಿಕೆಯಲ್ಲಿ ಮತ್ತೆ ಇಟ್ಟೆ. ಈ ಬಾರಿ ಹೆಪ್ಪುಗಟ್ಟಿತು. ವೈದ್ಯರು ಪ್ರತಿವಿಷವನ್ನು ತಡೆಹಿಡಿದು ನಿಗಾದಲ್ಲಿಟ್ಟರು, ನಂತರದ ಪರೀಕ್ಷೆಗಳಲ್ಲೂ ರಕ್ತ ಹೆಪ್ಪುಗಟ್ಟಿತು.

ಗಾಜಿನ ಮೇಲ್ಮೈಯೇ ರಕ್ತ ಹೆಪ್ಪುಗಟ್ಟಲು ಚಾಲನೆ ಕೊಡುತ್ತದೆ, ಡಿಟರ್ಜೆಂಟ್ ಅದನ್ನು ಕೆಡಿಸುತ್ತದೆ ಎಂಬುದನ್ನು ತರಗತಿಯಲ್ಲಿ ಕೇಳಿದ್ದೆ. ಆದರೆ ಪರೀಕ್ಷೆ ಆರಂಭಿಸುವ ಮೊದಲು ನಳಿಕೆ ಎಲ್ಲಿಂದ ಬಂತೆಂದು ನಾನು ಕೇಳಲಿಲ್ಲ. ಫಲಿತಾಂಶ ಬಂದ ಮೇಲಷ್ಟೇ ಕೇಳಿದೆ. ಊತ ಇದ್ದಿದ್ದರೆ ಬಹುಶಃ ಕೇಳುತ್ತಲೇ ಇರಲಿಲ್ಲ. ಅಗತ್ಯವಿಲ್ಲದ ಪ್ರತಿವಿಷ ಎಂದರೆ ರೋಗಿಗೆ ಅಲರ್ಜಿಯ ಅಪಾಯ, ಇನ್ನೊಬ್ಬರಿಗೆ ಬೇಕಾಗಿದ್ದ ವಯಲ್‌ಗಳ ನಷ್ಟ.

ತುರ್ತು ವಿಭಾಗದಲ್ಲಿ ಹಾವು ಕಡಿತಕ್ಕೆಂದೇ ಒಂದು ಟ್ರೇ ಇಡಲು ಇನ್‌ಚಾರ್ಜ್ ಒಪ್ಪಿದ್ದಾರೆ. ಪ್ಯಾಕ್ ಒಡೆಯದ ಗಾಜಿನ ನಳಿಕೆಗಳು, ಟೈಮರ್, ಅಡ್ರಿನಲಿನ್, ಪರೀಕ್ಷೆಯ ದಾಖಲೆ ಹಾಳೆ ಅದರಲ್ಲಿರುತ್ತವೆ. ಪ್ರತಿ ಸೋಮವಾರ ಬೆಳಗಿನ ಪಾಳಿಯವರು ನೋಡಿ ಸಹಿ ಹಾಕುತ್ತಾರೆ. ಮೂರು ತಿಂಗಳ ನಂತರ ಆ ಸಹಿಯ ಹಾಳೆಯನ್ನು ನಾನು ಎಣಿಸಿ ನೋಡುತ್ತೇನೆ."

ಈ ಟಿಪ್ಪಣಿಯನ್ನು ಗಟ್ಟಿಮಾಡುವುದು ಎರಡು ಸಾಲು. "ಫಲಿತಾಂಶ ಬಂದ ಮೇಲಷ್ಟೇ ಕೇಳಿದೆ" ಎಂಬುದು ಒಂದು, "ಮೂರು ತಿಂಗಳ ನಂತರ ಎಣಿಸಿ ನೋಡುತ್ತೇನೆ" ಎಂಬುದು ಇನ್ನೊಂದು. ಮೊದಲನೆಯದು ಬರೆದವರು ತಮ್ಮ ಯೋಚನೆಯ ದಾರಿಯನ್ನು ತಾವೇ ನೋಡಿಕೊಂಡಿದ್ದಾರೆ ಎನ್ನುತ್ತದೆ. ಎರಡನೆಯದು ಬದಲಾವಣೆಗೆ ದಿನಾಂಕ ಕೊಡುತ್ತದೆ. ಮೂರು ತಿಂಗಳ ಮೇಲೆ, 13 ಸೋಮವಾರಗಳಲ್ಲಿ 11ರಲ್ಲಿ ಸಹಿ ಇದೆ ಎಂದು ಅವರು ಅದೇ ಹಾಳೆಯ ಕೆಳಗೆ ಬರೆದು, ಬಿಟ್ಟ ಎರಡೂ ಹಬ್ಬದ ವಾರಗಳೆಂದು ಸೇರಿಸಿದರೆ ಅದು ಸಣ್ಣ ಆಡಿಟ್ ಆಗುತ್ತದೆ. ತರಗತಿಯಲ್ಲಿ ಕೇಳಿದ ಒಂದು ವಾಕ್ಯ ವಾರ್ಡಿನ ಪದ್ಧತಿಯಾಗಿ ಬದಲಾದದ್ದು ನಾಲ್ಕು ಹಾಳೆಗಳಲ್ಲಿ ಕಾಣುತ್ತದೆ.

ಮಲೆನಾಡಿನವರಿಗೆ ಇನ್ನೊಂದು ವಿಷಯ ಚಿಂತನೆಗೆ ಯೋಗ್ಯ. ನಮ್ಮಲ್ಲಿ ಸಿಗುವ ಪ್ರತಿವಿಷ ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕರ ವಿಷಕ್ಕೆ ಮಾಡಿದ್ದು. ಪಶ್ಚಿಮಘಟ್ಟದ ತೋಟಗಳಲ್ಲಿರುವ ಗುಳಿಮಂಡಲ ಹಾವುಗಳ ವಿಷಕ್ಕೆ ಅದು ಕೆಲಸ ಮಾಡದು. ಪ್ರತಿವಿಷ ಕೊಟ್ಟು 6 ಗಂಟೆಯ ನಂತರವೂ ರಕ್ತ ಹೆಪ್ಪುಗಟ್ಟದೇ ಇದ್ದಾಗ ನೀವು ಗಮನಿಸಿದ್ದೇನು, ವೈದ್ಯರಿಗೆ ಹೇಳಿದ್ದೇನು ಎಂಬುದು ಒಳ್ಳೆಯ ಟಿಪ್ಪಣಿಯ ವಸ್ತು.

ಟಿಪ್ಪಣಿಗೂ ಒಂದು ಗಡಿ ಇದೆ. ಔಷಧ ತಪ್ಪಿ ರೋಗಿಗೆ ಹಾನಿಯಾದಂಥ ಘಟನೆಯಾದರೆ ಮೊದಲು ಆಸ್ಪತ್ರೆಯ ಘಟನಾ ವರದಿ ಹೋಗಬೇಕು. ಆ ವರದಿಯ ಪ್ರತಿಯನ್ನು ಕಡತದಲ್ಲಿ ಇಡಬೇಡಿ. ತನಿಖೆ ನಡೆಯುತ್ತಿರುವಾಗ ಅದರ ಬಗ್ಗೆ ಚಿಂತನಾ ಟಿಪ್ಪಣಿ ಬರೆದು ಎಲ್ಲರಿಗೂ ತೋರಿಸುವುದೂ ಸರಿಯಲ್ಲ, ಮೊದಲು ಸೂಪರಿಂಟೆಂಡೆಂಟ್ ಅವರನ್ನು ಕೇಳಿ. ಸಹೋದ್ಯೋಗಿಯ ಹೆಸರು ಹಾಕಿ ತಪ್ಪು ಹೊರಿಸುವ ಸಾಲು ಯಾವ ಟಿಪ್ಪಣಿಯಲ್ಲೂ ಬೇಡ. ಪ್ರಯೋಗಾಲಯದವರು ಯಾಕೆ ತೊಳೆದು ಕಳಿಸಿದರು ಎಂದು ಮೇಲಿನ ಸಿಸ್ಟರ್ ಅರ್ಧ ಪುಟ ಬರೆಯಬಹುದಿತ್ತು. ಬರೆಯಲಿಲ್ಲ, ಅದು ಸರಿ.

ಜೋಡಿಸಿಡುವುದು

ಎರಡು ಉಂಗುರದ ಒಂದು ಫೈಲು, ಸಾಮರ್ಥ್ಯಕ್ಕೊಂದು ವಿಭಾಜಕ. ಪ್ರತಿ ವಿಭಾಗದಲ್ಲಿ ಈ ನಾಲ್ಕು ಪುರಾವೆಗಳು ಇದೇ ಕ್ರಮದಲ್ಲಿ. ಪ್ರಮಾಣಪತ್ರಗಳನ್ನು ಬೇರೆ ಕಡೆ ಗುಡ್ಡೆ ಹಾಕದೆ ಸಂಬಂಧಪಟ್ಟ ಸಾಮರ್ಥ್ಯದ ಒಳಗೇ ಇಡಿ. ಯಾವುದಕ್ಕೂ ಸೇರದವು ಕೊನೆಗೆ ಹೋಗಲಿ. ಫೋನಿನಲ್ಲಿ ಸ್ಕ್ಯಾನ್ ಮಾಡಿ ಇಡುವವರು ಹೆಸರನ್ನು ವರ್ಷ ಮತ್ತು ತಿಂಗಳಿನಿಂದ ಆರಂಭಿಸಿದರೆ ಹುಡುಕುವುದು ಸುಲಭ:

```
2025-07_snakebite_checklist.pdf
2025-07_snakebite_reflection.pdf
```

ಈ ಫೈಲುಗಳನ್ನು ವಾರ್ಡಿನ ವಾಟ್ಸ್ಆ್ಯಪ್ ಗುಂಪಿಗೆ ಹಾಕಬೇಡಿ, ಪಾಳಿಯವರೆಲ್ಲ ಬಳಸುವ ಕಂಪ್ಯೂಟರಿನಲ್ಲೂ ಬಿಡಬೇಡಿ.

ಬರೆಯಲು ಸಮಯ ಎಲ್ಲಿದೆ ಎಂದು ಎಲ್ಲರೂ ಕೇಳುತ್ತಾರೆ. ಪ್ರಶ್ನೆ ನ್ಯಾಯವಾದದ್ದು. ರಾತ್ರಿ ಪಾಳಿಯ ಸರದಿ ಮುಗಿದು ಸಿಗುವ ರಜೆಯ ಎರಡನೆಯ ದಿನ ಅರ್ಧ ಗಂಟೆ ಕುಳಿತರೆ ಸಾಕು. ಮೊದಲ ದಿನ ಬೇಡ, ಅದು ನಿದ್ದೆಗೆ. ಸಮವಸ್ತ್ರದ ಜೇಬಿನಲ್ಲಿ ಇಡುವ ಚಿಕ್ಕ ಪುಸ್ತಕದಲ್ಲಿ ಪಾಳಿಯ ನಡುವೆ ನಾಲ್ಕು ಪದ ಗುರುತಿಸಿಕೊಂಡಿದ್ದರೆ ಅದರಿಂದ ಟಿಪ್ಪಣಿ ಬೆಳೆಸಬಹುದು. ಆ ಪುಸ್ತಕದಲ್ಲೂ ರೋಗಿಯ ಹೆಸರು ಬೇಡ.

ಪರಿಶೀಲನೆಯ ದಿನ

ಪರಿಶೀಲಿಸುವವರು ಇಡೀ ಫೈಲು ಓದುವುದಿಲ್ಲ. ಅದಕ್ಕೆ ಮೇಲೆ ಒಂದು ಪುಟದ ಸಾರಾಂಶ ಇಡಿ: ಈ ವರ್ಷದ ಸಾಮರ್ಥ್ಯಗಳು, ಪ್ರತಿಯೊಂದಕ್ಕೂ ಈಗಿನ ಮಟ್ಟ (ಮೇಲ್ವಿಚಾರಣೆಯಲ್ಲಿ ಮಾಡುತ್ತೇನೆ, ಸ್ವತಂತ್ರವಾಗಿ ಮಾಡುತ್ತೇನೆ, ಇತರರಿಗೆ ಕಲಿಸುತ್ತೇನೆ), ಪುರಾವೆಯ ಪುಟ ಸಂಖ್ಯೆ, ಒಟ್ಟು ಶಿಕ್ಷಣದ ಗಂಟೆಗಳು. "ಮೇಲ್ವಿಚಾರಣೆಯಲ್ಲಿ" ಎಂದು ಒಂದೆರಡು ಕಡೆ ಬರೆಯಲು ಹಿಂಜರಿಯಬೇಡಿ. ಎಲ್ಲದರಲ್ಲೂ "ಕಲಿಸುತ್ತೇನೆ" ಎಂದು ಬರೆದ ಎರಡು ವರ್ಷ ಅನುಭವದ ಸಿಸ್ಟರ್‌ಗೆ ನಾನು ಮೊದಲು ಕೇಳುವುದು, ಯಾರಿಗೆ ಕಲಿಸಿದಿರಿ, ಅವರ ಪರಿಶೀಲನಾ ಪಟ್ಟಿ ಎಲ್ಲಿ ಎಂದು.

ಪರಿಶೀಲನೆಯಲ್ಲಿ ಕೇಳುವ ಹಕ್ಕು ನಿಮಗೂ ಇದೆ. ಪ್ರತಿವಿಷದ ಅಲರ್ಜಿಯ ಬಗ್ಗೆ ಅಣಕು ಅಭ್ಯಾಸ ವರ್ಷದಲ್ಲಿ ಒಮ್ಮೆಯೂ ನಡೆದಿಲ್ಲವಾದರೆ ಅದು ನಿಮ್ಮ ಕೊರತೆಯಲ್ಲ, ವ್ಯವಸ್ಥೆಯ ಕೊರತೆ. ಜೂನ್ ಮೊದಲು ಒಂದು ಅಭ್ಯಾಸ ಬೇಕು ಎಂದು ಕೇಳಿ, ಪರಿಶೀಲನಾ ನಮೂನೆಯಲ್ಲಿ ಅದನ್ನು ಬರೆಸಿಕೊಳ್ಳಿ. ಮಾತಿನಲ್ಲಿ ಒಪ್ಪಿದ್ದು ಮುಂದಿನ ವರ್ಷ ಯಾರಿಗೂ ನೆನಪಿರುವುದಿಲ್ಲ. ಸಹಿಯಾದ ನಮೂನೆಯ ಒಂದು ಪ್ರತಿಯನ್ನು ಅದೇ ದಿನ ಕಡತಕ್ಕೆ ಸೇರಿಸಿ.

ಗುತ್ತಿಗೆಯ ಮೇಲೆ ಕೆಲಸ ಮಾಡುವವರಿಗೆ ಮತ್ತು ವರ್ಗಾವಣೆಯ ಪಟ್ಟಿಯಲ್ಲಿರುವವರಿಗೆ ಒಂದು ಮಾತು ಹೆಚ್ಚಾಗಿ ಹೇಳಬೇಕು. ವಾರ್ಡ್ ಬದಲಾಗುವ ಅಥವಾ ಆಸ್ಪತ್ರೆ ಬಿಡುವ ವಾರ ಬರುವ ಮೊದಲೇ ಬಾಕಿ ಇರುವ ಪರಿಶೀಲನಾ ಪಟ್ಟಿಗಳಿಗೆ ನೋಡಿದವರಿಂದ ಸಹಿ, ಪೂರ್ಣ ಹೆಸರು, ಹುದ್ದೆ, ದಿನಾಂಕ ಹಾಕಿಸಿಕೊಳ್ಳಿ. ಆರು ತಿಂಗಳ ನಂತರ ಚಿಕ್ಕಮಗಳೂರಿನಿಂದ ಬಸ್ ಹತ್ತಿ ಹಳೆಯ ವಾರ್ಡಿಗೆ ಹೋದರೆ ಇನ್‌ಚಾರ್ಜ್ ಅವರೂ ಬದಲಾಗಿರಬಹುದು, ನೋಡದ ಕೆಲಸಕ್ಕೆ ಹೊಸಬರು ಸಹಿ ಹಾಕುವುದಿಲ್ಲ, ಹಾಕಲೂಬಾರದು.